ಹುಬ್ಬಳ್ಳಿ-ಧಾರವಾಡ ಬೆಂಗಳೂರಿಗಿಂತ ದಟ್ಟವೇ? ಜನಸಾಂದ್ರತೆಯ ಲೆಕ್ಕ ತಪ್ಪಿದ ಒಂದು ಪ್ರಕರಣ

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ನಾಗರಿಕರ ಒಂದು ಸಣ್ಣ ಗುಂಪು ನಗರ ಸಾರಿಗೆಯ ಬಗ್ಗೆ ಮನವಿಯೊಂದನ್ನು ತಯಾರಿಸುತ್ತಿತ್ತು. ಹುಬ್ಬಳ್ಳಿ-ಧಾರವಾಡದ ನಡುವಿನ ಮುಖ್ಯ ರಸ್ತೆಯಲ್ಲಿ ಚಿಗರಿ ಬಸ್ಸುಗಳು ಓಡುತ್ತವೆ, ಆದರೆ ಒಳಗಿನ ಓಣಿಗಳಿಗೆ, ಬಡಾವಣೆಗಳಿಗೆ ಬಸ್ಸು ಸಾಲದು ಎಂಬುದು ಅವರ ಅಳಲು. ಮನವಿಗೆ ಬಲ ಬರಲೆಂದು ಬೆಂಗಳೂರಿನ ಜೊತೆ ಒಂದು ಹೋಲಿಕೆ ಹಾಕಿದ್ದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನೆಂದು, ಕಳಿಸುವ ಮೊದಲು ಒಮ್ಮೆ ನೋಡಿಕೊಡಿ ಅಂತ ಕರಡನ್ನು ನನ್ನ ಕೈಗೆ ಕೊಟ್ಟರು. ಗುಂಪಿನವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರುಗಳು ಮತ್ತು ಅವುಗಳ ಅಂಕಿಗಳು ಮಾತ್ರ ಇದ್ದ ಹಾಗೆಯೇ ಇವೆ.

ಕರಡಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದ ಸಾಲು: 2011ರ ಜನಗಣತಿ ಪ್ರಕಾರ ಹುಬ್ಬಳ್ಳಿ-ಧಾರವಾಡದ ಜನಸಾಂದ್ರತೆ ಚದರ ಕಿಲೋಮೀಟರಿಗೆ ಸುಮಾರು 4,700, ಬೆಂಗಳೂರಿನದು 4,381. ಅಂದರೆ ನಮ್ಮೂರೇ ಹೆಚ್ಚು ದಟ್ಟ, ಹಾಗಾಗಿ ತಲೆಗೆ ಇಷ್ಟು ಬಸ್ಸು ಅಂತ ಲೆಕ್ಕ ಹಾಕಿದರೂ ನಮಗೆ ಅನ್ಯಾಯವಾಗಿದೆ ಎಂಬ ವಾದ.

ಗುಂಪಿನ ಹಿರಿಯರೊಬ್ಬರಿಗೇ ಅದು ಗಂಟಲಲ್ಲಿ ಇಳಿದಿರಲಿಲ್ಲ. "ಸರ್, ಇದು ಹೆಂಗ ಸಾಧ್ಯ ರೀ? ಬೆಂಗಳೂರಾಗ ಮಂದಿ ಮ್ಯಾಲ ಮಂದಿ ಅದಾರ. ನಮ್ಮಲ್ಲಿ ನವಲೂರು ದಾಟೂದ್ರೊಳಗ ಪೇರಲ ತೋಟ ಕಾಣತಾವ," ಅಂದರು. ಪಟ್ಟಿ ತಯಾರಿಸಿದ ಹುಡುಗಿ ಚುರುಕಾದವಳು, ಸಿವಿಲ್ ಎಂಜಿನಿಯರಿಂಗ್ ಓದಿದವಳು. ಎರಡೂ ಅಂಕಿ ಜನಗಣತಿಯದೇ ಸರ್, ನಾನು ಕೈಯಿಂದ ಏನೂ ಸೇರಿಸಿಲ್ಲ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ತಪ್ಪು ಸಿಕ್ಕಿದ್ದು

ಸಾಂದ್ರತೆಯ ಅಂಕಿ ಎದುರಿಗೆ ಬಂದಾಗ ನಾನು ಮೊದಲು ಮಾಡುವುದು ಒಂದೇ ಕೆಲಸ: ಅದನ್ನು ತಿರುಗಿಸಿ ಗುಣಿಸುವುದು. ಸಾಂದ್ರತೆ ಎಂದರೆ ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಹಾಗಾದರೆ ಸಾಂದ್ರತೆಯನ್ನು ಅದೇ ವಿಸ್ತೀರ್ಣದಿಂದ ಗುಣಿಸಿದರೆ ಜನಸಂಖ್ಯೆ ವಾಪಸ್ ಬರಬೇಕು. ಬರದಿದ್ದರೆ ಜನ ಒಂದು ಗಡಿಯವರು, ನೆಲ ಇನ್ನೊಂದು ಗಡಿಯದು ಎಂದು ಅರ್ಥ. ಚದರ ಮೈಲಿ, ಹೆಕ್ಟೇರುಗಳು ಅಪ್ಪಿತಪ್ಪಿ ನುಸುಳಿದ್ದರೂ ಇಲ್ಲೇ ಸಿಕ್ಕಿಬೀಳುತ್ತವೆ.

2011ರಲ್ಲಿ ಬಿಬಿಎಂಪಿಯ ವಿಸ್ತೀರ್ಣ 709 ಚದರ ಕಿಲೋಮೀಟರ್. ಅದನ್ನು 4,381ರಿಂದ ಗುಣಿಸಿದೆವು. ಬಂದದ್ದು ಸುಮಾರು 31 ಲಕ್ಷ. ಆ ವರ್ಷ ಬಿಬಿಎಂಪಿಯೊಳಗೆ ಇದ್ದವರು 84,43,675 ಜನ. ಹುಡುಗಿ ಕ್ಯಾಲ್ಕುಲೇಟರಿನಲ್ಲಿ ಎರಡನೇ ಸಲ ಒತ್ತಿ ನೋಡಿ ಸುಮ್ಮನಾದಳು.

4,381 ಬಂದದ್ದು ಬೆಂಗಳೂರು ನಗರ ಜಿಲ್ಲೆಯ ಸಾಲಿನಿಂದ. ಆ ಜಿಲ್ಲೆಯ ಜನಸಂಖ್ಯೆ 96,21,551, ವಿಸ್ತೀರ್ಣ 2,196 ಚದರ ಕಿಲೋಮೀಟರ್. ಹೆಸರಿನಲ್ಲಿ 'ನಗರ' ಇದೆಯಾದರೂ ಅದು ಜಿಲ್ಲೆ. ಆನೇಕಲ್ಲಿನ ಹೊಲಗಳು, ಬನ್ನೇರುಘಟ್ಟ ಕಾಡಿನ ಒಂದು ಭಾಗ, ಹೆಸರಘಟ್ಟದ ಹುಲ್ಲುಗಾವಲು ಎಲ್ಲ ಅದರೊಳಗೆ ಬರುತ್ತವೆ. ಹುಬ್ಬಳ್ಳಿ-ಧಾರವಾಡದ 4,700 ಆದರೋ ಮಹಾನಗರ ಪಾಲಿಕೆಯದು: 9,43,788 ಜನರನ್ನು ಸುಮಾರು 200 ಚದರ ಕಿಲೋಮೀಟರಿನಿಂದ ಭಾಗಿಸಿದ್ದು. ಒಂದು ಕಡೆ ಜಿಲ್ಲೆ, ಇನ್ನೊಂದು ಕಡೆ ಪಾಲಿಕೆ.

ಈ ತಪ್ಪು ಯಾರಿಗೂ ಆಗಬಹುದಾದದ್ದು. ಜನಗಣತಿಯ ಸಾರಾಂಶ ಪಟ್ಟಿಗಳಲ್ಲಿ ಸಾಂದ್ರತೆ ಅಂತ ಲೆಕ್ಕ ಮಾಡಿ ಕೊಟ್ಟಿರುವುದು ರಾಜ್ಯಕ್ಕೆ, ಜಿಲ್ಲೆಗೆ. ಊರಿನದು ಬೇಕೆಂದರೆ ಜನಸಂಖ್ಯೆ ಒಂದು ಕಡೆಯಿಂದ, ವಿಸ್ತೀರ್ಣ ಇನ್ನೊಂದು ಕಡೆಯಿಂದ ತಂದು ನಾವೇ ಭಾಗಿಸಬೇಕು. ಅವಳು ಹುಬ್ಬಳ್ಳಿ-ಧಾರವಾಡಕ್ಕೆ ಶ್ರಮಪಟ್ಟು ಹಾಗೆ ಮಾಡಿದ್ದಳು. ಬೆಂಗಳೂರಿಗೆ ಸಿದ್ಧ ಅಂಕಿ ಸಿಕ್ಕಿತು, ಹಾಕಿಬಿಟ್ಟಳು.

ಸರಿಪಡಿಸಲು ಹೊರಟಾಗ

ಪರಿಹಾರ ಸುಲಭ ಅನ್ನಿಸಿತು. ಎರಡೂ ಕಡೆ ಒಂದೇ ಮಟ್ಟದ ಗಡಿ ತೆಗೆದುಕೊಂಡರಾಯಿತು. ಜಿಲ್ಲೆಗೆ ಜಿಲ್ಲೆ ಇಟ್ಟು ನೋಡಿದೆವು. ಧಾರವಾಡ ಜಿಲ್ಲೆಯಲ್ಲಿ 18,47,023 ಜನ, 4,260 ಚದರ ಕಿಲೋಮೀಟರ್, ಸಾಂದ್ರತೆ 434. ಬೆಂಗಳೂರು ನಗರ ಜಿಲ್ಲೆ ಅದರ ಹತ್ತು ಪಟ್ಟು ದಟ್ಟ. ಒಂದು ಗಂಟೆಯ ಹಿಂದೆ ಬೆಂಗಳೂರಿಗಿಂತ ದಟ್ಟವಾಗಿದ್ದ ಊರು ಈಗ ಹತ್ತನೇ ಒಂದು ಪಾಲಿಗೆ ಇಳಿದಿತ್ತು.

ಇದೂ ಸರಿಯಲ್ಲ ಎಂದು ನಾನು ಹೇಳಿದಾಗ ಹಿರಿಯರಿಗೆ ಸ್ವಲ್ಪ ಸಿಟ್ಟೇ ಬಂತು. ಜಿಲ್ಲೆಗೆ ಜಿಲ್ಲೆ ಅಂದವರು ನೀವೇ ಅಲ್ಲವೇ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಎರಡು ಜಿಲ್ಲೆಗಳಿಗೆ ಒಂದೇ ಹೆಸರಿನ ದರ್ಜೆ ಇದ್ದ ಮಾತ್ರಕ್ಕೆ ಅವುಗಳೊಳಗೆ ಇರುವುದು ಒಂದೇ ಥರದ ನೆಲವಲ್ಲ. ಬೆಂಗಳೂರು ನಗರ ಜಿಲ್ಲೆಯನ್ನು ಊರಿನ ಸುತ್ತ ಸಾಕಷ್ಟು ಬಿಗಿಯಾಗಿಯೇ ಎಳೆದಿದ್ದಾರೆ. ಧಾರವಾಡ ಜಿಲ್ಲೆಯಲ್ಲಿ ನವಲಗುಂದದ ಎರೆ ಹೊಲಗಳಿವೆ, ಕುಂದಗೋಳ, ಕಲಘಟಗಿಗಳಿವೆ. ಅಲ್ಲಿಯ ರೈತ ಹತ್ತಿ ಬಿತ್ತಿದ ನೆಲವನ್ನು ಹುಬ್ಬಳ್ಳಿಯ ದುರ್ಗದಬೈಲಿನ ಜನರ ತಲೆಗೆ ಹಂಚಿದಂತಾಗುತ್ತದೆ.

ಮುಂದೆ ಪಾಲಿಕೆಗೆ ಪಾಲಿಕೆ. 84,43,675ನ್ನು 709ರಿಂದ ಭಾಗಿಸಿದರೆ 11,909. ಹುಬ್ಬಳ್ಳಿ-ಧಾರವಾಡ ಸುಮಾರು 4,700. ಬೆಂಗಳೂರು ಎರಡೂವರೆ ಪಟ್ಟು. ಬಿಬಿಎಂಪಿಗೆ 741 ಚದರ ಕಿಲೋಮೀಟರ್ ಎಂಬ ಅಂಕಿಯೂ ಬಳಕೆಯಲ್ಲಿದೆ. ಅದನ್ನು ಹಿಡಿದರೆ 11,395 ಆಗುತ್ತದೆ. ಇದರಿಂದ ತೀರ್ಮಾನ ಬದಲಾಗದು. ಹಾಗಾಗಿ ನಾವು 'ಸುಮಾರು 12 ಸಾವಿರ' ಎಂದು ಬರೆದುಕೊಂಡು ಮುಂದೆ ಹೋದೆವು. ಛೇದದಲ್ಲೇ ನೂರಕ್ಕೆ ನಾಲ್ಕೈದರ ಅನುಮಾನ ಇರುವಾಗ ಭಾಗಲಬ್ಧವನ್ನು ಕೊನೆಯ ಅಂಕೆಯವರೆಗೆ ಬರೆಯುವುದು ಓದುಗರಿಗೆ ಇಲ್ಲದ ನಿಖರತೆಯನ್ನು ತೋರಿಸಿದಂತೆ.

ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಬಿಬಿಎಂಪಿ ಹುಟ್ಟಿದ್ದು 2007ರಲ್ಲಿ. ಹಳೆಯ ಬೆಂಗಳೂರು ಮಹಾನಗರ ಪಾಲಿಕೆಗೆ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಮಾಡಿದ್ದು ಅದು. 2001ರಲ್ಲಿ ಹಳೆಯ ಪಾಲಿಕೆಯ ವಿಸ್ತೀರ್ಣ ಸುಮಾರು 226 ಚದರ ಕಿಲೋಮೀಟರ್, ಅಂದರೆ ಹುಬ್ಬಳ್ಳಿ-ಧಾರವಾಡಕ್ಕಿಂತ ಸ್ವಲ್ಪವೇ ದೊಡ್ಡದು. ನೆಲದ ಅಳತೆ ಹೆಚ್ಚುಕಡಿಮೆ ಸಮ ಇದೆಯಲ್ಲ, ಇದನ್ನೇ ಹೋಲಿಸಿದರೆ ಹೇಗೆ ಎಂದು ಕೇಳಿದಳು. ಒಳ್ಳೆಯ ಯೋಚನೆ. ಆ 226 ಚದರ ಕಿಲೋಮೀಟರಿನಲ್ಲಿ 43,01,326 ಜನ ಇದ್ದರು. ಸಾಂದ್ರತೆ ಸುಮಾರು 19,000. ಇಸವಿ ಹತ್ತು ವರ್ಷ ಹಿಂದಿನದಾದರೂ ಬೆಂಗಳೂರು ನಾಲ್ಕು ಪಟ್ಟು ದಟ್ಟ.

ಹೀಗೆ ಒಂದೇ ಜೋಡಿ ಊರಿಗೆ ನಾಲ್ಕು ಉತ್ತರ ಬಂತು. ಬೆಂಗಳೂರು ನಮಗಿಂತ ಸ್ವಲ್ಪ ಕಡಿಮೆ, ಎರಡೂವರೆ ಪಟ್ಟು, ನಾಲ್ಕು ಪಟ್ಟು, ಹತ್ತು ಪಟ್ಟು. ನಾಲ್ಕರಲ್ಲೂ ಭಾಗಾಕಾರ ಸರಿಯಾಗಿಯೇ ಇತ್ತು.

ಇಲ್ಲಿ ಇನ್ನೊಂದು ಗುಂಡಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. 2001ರಲ್ಲಿ 19,000, 2011ರಲ್ಲಿ 11,900. ಗುಂಪಿನ ಇನ್ನೊಬ್ಬರು ಇದನ್ನು ನೋಡಿ ಬೆಂಗಳೂರಿನ ಸಾಂದ್ರತೆ ಹತ್ತು ವರ್ಷದಲ್ಲಿ ನೂರಕ್ಕೆ 37ರಷ್ಟು ಇಳಿದಿದೆ, ಜನ ಹೊರಗೆ ಹೋಗುತ್ತಿದ್ದಾರೆ ಎಂದು ಒಂದು ಪ್ಯಾರಾ ಬರೆದೇಬಿಟ್ಟಿದ್ದರು. ಚಿಕ್ಕಪೇಟೆಯಿಂದ ಒಬ್ಬನೇ ಒಬ್ಬ ಮನೆ ಖಾಲಿ ಮಾಡದಿದ್ದರೂ ಆ ಅಂಕಿ ಇಳಿಯುತ್ತಿತ್ತು. 483 ಚದರ ಕಿಲೋಮೀಟರ್ ಹೊಸ ನೆಲ ಒಳಗೆ ಬಂತು, ಅದರಲ್ಲಿ ಬಹುಪಾಲು ಆಗಿನ್ನೂ ತೆಳುವಾಗಿತ್ತು. ಗಡಿ ಸರಿದದ್ದನ್ನು ಜನ ಸರಿದರು ಎಂದು ಓದಿದ್ದೆವು. ಆ ಪ್ಯಾರಾ ತೆಗೆಸಿದೆವು.

ತೋಟಗಳನ್ನು ಕಳೆಯೋಣವೇ?

ಪಾಲಿಕೆಗೆ ಪಾಲಿಕೆ ಹೋಲಿಕೆಯೇ ಇದ್ದುದರಲ್ಲಿ ವಾಸಿ ಎಂದು ಒಪ್ಪಿದ ಮೇಲೂ ಹಿರಿಯರ ಆಕ್ಷೇಪ ಉಳಿದಿತ್ತು. ಹುಬ್ಬಳ್ಳಿ ಮತ್ತು ಧಾರವಾಡ ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರುಗಳು. 1962ರಲ್ಲಿ ಒಂದೇ ಪಾಲಿಕೆಯಾದವು. ಹೀಗಾಗಿ ನಡುವಿನ ಬಯಲು, ತೋಟ, ಕೆರೆ, ವಿದ್ಯಾಸಂಸ್ಥೆಗಳ ದೊಡ್ಡ ಆವರಣಗಳೆಲ್ಲ ಪಾಲಿಕೆಯ ಲೆಕ್ಕಕ್ಕೆ ಬಂದಿವೆ. "ಮಂದಿ ಇರೂದು ಎರಡೂ ತುದಿಗೆ, ನೆಲ ಮಾತ್ರ ನಡುವಿಂದೂ ಹಿಡೀತೀರಿ," ಎಂದರು. ಅವರ ಮಾತು ಸತ್ಯವಾಗಿತ್ತು.

ಹಾಗಾದರೆ ಖಾಲಿ ನೆಲವನ್ನು ವಿಸ್ತೀರ್ಣದಿಂದ ಕಳೆಯೋಣ ಎಂದು ಹೊರಟೆವು. ಉಣಕಲ್ ಕೆರೆ ಕಳೆದೆವು. ವಿಶ್ವವಿದ್ಯಾಲಯಗಳ ಆವರಣ ಕಳೆದೆವು. ತೋಟಗಳ ಬಳಿ ಬಂದಾಗ ಜಗಳ ಶುರುವಾಯಿತು, ಏಕೆಂದರೆ ತೋಟದೊಳಗೂ ಮನೆಗಳಿವೆ, ಲೇಔಟು ಬಿದ್ದ ಸೈಟುಗಳಿವೆ. ಯಾವುದು ಖಾಲಿ ಎಂದು ಹೇಳುವವರು ಯಾರು? ಎಷ್ಟು ಕಳೆದರೆ ನಮಗೆ ಬೇಕಾದ ಅಂಕಿ ಬರುತ್ತದೆಯೋ ಅಷ್ಟು ಕಳೆಯುವ ಕಡೆಗೆ ಕೈ ತಾನಾಗಿ ಹೋಗುತ್ತಿತ್ತು. ಅದನ್ನು ಗುರುತಿಸಿದವಳು ಆ ಹುಡುಗಿಯೇ. ಬೆಂಗಳೂರಿನಲ್ಲೂ ಬೆಳ್ಳಂದೂರು ಕೆರೆ ಇದೆ, ಜಿಕೆವಿಕೆ ಇದೆ, ಎಚ್‌ಎಎಲ್ ವಿಮಾನ ನಿಲ್ದಾಣ ಇದೆ, ಸೇನೆಯ ಜಾಗ ಇದೆ, ಅಲ್ಲಿ ಏನೂ ಕಳೆದಿಲ್ಲವಲ್ಲ ಸರ್ ಎಂದಳು. ನಾವು ಪೆನ್ನು ಕೆಳಗಿಟ್ಟೆವು.

ಆಗ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ತಡವಾಗಿ ಕೇಳಿದೆ. ಈ ಅಂಕಿ ನಿಮಗೆ ಬೇಕಾಗಿರುವುದು ಯಾಕೆ? ಬಸ್ಸಿಗಾಗಿ. ಬಸ್ಸಿಗೆ ಯಾವ ಸಾಂದ್ರತೆ ಮುಖ್ಯ? ಒಂದು ನಿಲ್ದಾಣಕ್ಕೆ ನಡೆದು ಬರಬಲ್ಲ ದೂರದಲ್ಲಿ ಎಷ್ಟು ಜನ ಇದ್ದಾರೆ ಎಂಬುದು. ಅರ್ಧ ಕಿಲೋಮೀಟರ್ ನಡಿಗೆ ಎಂದುಕೊಂಡರೆ ಆ ವೃತ್ತದ ವಿಸ್ತೀರ್ಣ ಸುಮಾರು 0.785 ಚದರ ಕಿಲೋಮೀಟರ್. ಊರಿನ ಸರಾಸರಿ 4,700 ಹಿಡಿದರೆ ಒಂದು ನಿಲ್ದಾಣಕ್ಕೆ ಸುಮಾರು 3,700 ಜನ. ಆದರೆ ತೋಟದ ನಡುವಿನ ನಿಲ್ದಾಣಕ್ಕೆ ಅಷ್ಟು ಜನ ಇರುವುದಿಲ್ಲ, ಹಳೇ ಹುಬ್ಬಳ್ಳಿಯ ನಿಲ್ದಾಣಕ್ಕೆ ಅದರ ಎಷ್ಟೋ ಪಟ್ಟು ಇರುತ್ತಾರೆ. 4,700 ಎಂಬುದು ಯಾವ ನಿಲ್ದಾಣದ ಅನುಭವವೂ ಅಲ್ಲ.

ಜನರನ್ನು ಕೇಳಿದಂತೆ ಲೆಕ್ಕ ಹಾಕುವುದು

ಇದಕ್ಕೆ ಒಂದು ಹಳೆಯ ಉಪಾಯ ಇದೆ: ಜನಸಂಖ್ಯೆಯ ತೂಕ ಕೊಟ್ಟು ಸಾಂದ್ರತೆ ತೆಗೆಯುವುದು. ಸಾಮಾನ್ಯ ಸಾಂದ್ರತೆ ನೆಲವನ್ನು ಕೇಳುತ್ತದೆ: ನಿನ್ನ ಒಂದೊಂದು ಚದರ ಕಿಲೋಮೀಟರಿನ ಮೇಲೆ ಸರಾಸರಿ ಎಷ್ಟು ಜನ? ತೂಕದ ಸಾಂದ್ರತೆ ಪ್ರತಿಯೊಬ್ಬ ನಿವಾಸಿಯನ್ನು ಕೇಳುತ್ತದೆ: ನೀನಿರುವ ವಾರ್ಡು ಎಷ್ಟು ದಟ್ಟ? ಆ ಉತ್ತರಗಳ ಸರಾಸರಿಯೇ ತೂಕದ ಸಾಂದ್ರತೆ.

ಚಿಕ್ಕ ಲೆಕ್ಕದಲ್ಲಿ ನೋಡೋಣ. ಇದು ತಿಳಿಯಲೆಂದು ಕಟ್ಟಿಕೊಂಡ ಊರು, ನಿಜವಾದದ್ದಲ್ಲ. 100 ಚದರ ಕಿಲೋಮೀಟರಿನಲ್ಲಿ 5 ಲಕ್ಷ ಜನ. ಅದರಲ್ಲಿ 4 ಲಕ್ಷ ಜನ ಒಳಗಿನ 20 ಚದರ ಕಿಲೋಮೀಟರಿನಲ್ಲಿ, ಉಳಿದ 1 ಲಕ್ಷ ಹೊರಗಿನ 80ರಲ್ಲಿ. ಊರಿನ ಸಾಮಾನ್ಯ ಸಾಂದ್ರತೆ 5,000. ಆದರೆ ಒಳಗಿನವರು 20,000ದ ದಟ್ಟಣೆಯಲ್ಲಿದ್ದಾರೆ, ಹೊರಗಿನವರು 1,250ರಲ್ಲಿ. ಹತ್ತರಲ್ಲಿ ಎಂಟು ಜನ ಒಳಗಿನವರಾದ್ದರಿಂದ ತೂಕದ ಸಾಂದ್ರತೆ 20,000ದ ಹತ್ತರಲ್ಲಿ ಎಂಟು ಪಾಲು, 1,250ರ ಹತ್ತರಲ್ಲಿ ಎರಡು ಪಾಲು ಸೇರಿ 16,250.

ಈಗ ಸರ್ಕಾರ ಪಕ್ಕದ 100 ಚದರ ಕಿಲೋಮೀಟರ್ ಹೊಲವನ್ನು, ಅಲ್ಲಿರುವ 10,000 ಜನರ ಸಮೇತ, ಪಾಲಿಕೆಗೆ ಸೇರಿಸಿತು ಎಂದುಕೊಳ್ಳಿ. ಸಾಮಾನ್ಯ ಸಾಂದ್ರತೆ 5,000ದಿಂದ 2,550ಕ್ಕೆ ಕುಸಿಯುತ್ತದೆ. ತೂಕದ ಸಾಂದ್ರತೆ 16,250ರಿಂದ ಸುಮಾರು 15,930ಕ್ಕೆ ಬರುತ್ತದೆ, ನೂರಕ್ಕೆ ಎರಡರಷ್ಟು ಇಳಿಕೆ, ಅಷ್ಟೇ. ಗಡಿ ಎಲ್ಲಿ ಎಳೆದಿದ್ದಾರೆ ಎಂಬುದು ಈ ಅಂಕಿಯನ್ನು ಹೆಚ್ಚು ಅಲುಗಾಡಿಸುವುದಿಲ್ಲ. ನವಲೂರಿನ ತೋಟವನ್ನು ಯಾರೂ ಕಳೆಯಬೇಕಾಗಿಲ್ಲ, ಅಲ್ಲಿ ಜನ ಕಡಿಮೆ ಇರುವುದರಿಂದ ಅದರ ಮಾತಿಗೆ ತಾನಾಗಿಯೇ ತೂಕ ಕಡಿಮೆ.

2011ರ ಹುಬ್ಬಳ್ಳಿ-ಧಾರವಾಡದಲ್ಲಿ 67 ವಾರ್ಡುಗಳು. ಎಕ್ಸೆಲ್‌ನಲ್ಲಿ B ಕಾಲಮ್ಮಿಗೆ ವಾರ್ಡಿನ ಜನಸಂಖ್ಯೆ, C ಕಾಲಮ್ಮಿಗೆ ವಿಸ್ತೀರ್ಣ, D ಕಾಲಮ್ಮಿಗೆ ಅವುಗಳ ಭಾಗಲಬ್ಧ ಹಾಕಿದರೆ ಕೆಲಸ ಒಂದೇ ಸಾಲಿನದು:

```
=SUMPRODUCT(B2:B68,D2:D68)/SUM(B2:B68)
```

ಕಷ್ಟ ಇದ್ದದ್ದು C ಕಾಲಮ್ಮಿನಲ್ಲಿ. ವಾರ್ಡಿನ ಜನಸಂಖ್ಯೆ ಜನಗಣತಿಯಲ್ಲಿ ಸಿಗುತ್ತದೆ. ವಿಸ್ತೀರ್ಣವನ್ನು ನಾವು ವಾರ್ಡ್ ನಕ್ಷೆಯಿಂದ ಅಳೆದುಕೊಳ್ಳಬೇಕಾಯಿತು. ಹುಡುಗಿ ಎರಡು ವಾರ ಕೂತು ಒಂದೊಂದೇ ವಾರ್ಡಿನ ಗೆರೆ ಎಳೆದಳು. ಎಲ್ಲ ವಾರ್ಡುಗಳ ವಿಸ್ತೀರ್ಣ ಕೂಡಿದಾಗ ಪಾಲಿಕೆಯ ಒಟ್ಟು ವಿಸ್ತೀರ್ಣ ಬರಬೇಕು ಎಂಬುದೇ ಅವಳ ಪರೀಕ್ಷೆ. ಮೊದಲ ಸಲ ಬರಲಿಲ್ಲ. ಒಂದೇ ತುಂಡು ಎರಡು ವಾರ್ಡುಗಳಲ್ಲಿ ಸೇರಿಹೋಗಿತ್ತು. ನಮ್ಮ ಕೈಯಳತೆಯ ಮೇಲೆ ನಿಂತ ವಾರ್ಡುವಾರು ಅಂಕಿಗಳನ್ನು ಇಲ್ಲಿ ಕೊಡುತ್ತಿಲ್ಲ, ಯಾರಾದರೂ ಅವನ್ನು ಅಧಿಕೃತವೆಂದು ಎತ್ತಿಕೊಳ್ಳುವ ಅಪಾಯ ಇದೆ.

ಈ ಅಳತೆಯ ಮಿತಿ

ತೂಕದ ಸಾಂದ್ರತೆಯೂ ಗಡಿಯಿಂದ ಪೂರ್ತಿ ಪಾರಾಗಿಲ್ಲ. ಊರಿನ ಹೊರಗಡಿಯ ಕಾಟ ತಪ್ಪುತ್ತದೆ, ಬದಲಿಗೆ ಒಳಗಡಿಯದು ಬರುತ್ತದೆ. ಮೇಲಿನ ಊರಿನಲ್ಲಿ ಒಳಗಿನ 20 ಮತ್ತು ಹೊರಗಿನ 80 ಚದರ ಕಿಲೋಮೀಟರ್ ಸೇರಿ ಒಂದೇ ವಾರ್ಡಾಗಿದ್ದರೆ 16,250 ಮಾಯವಾಗಿ ಮತ್ತೆ 5,000 ಬರುತ್ತಿತ್ತು. ತುಂಡು ದೊಡ್ಡದಾದಷ್ಟೂ ಅಂಕಿ ಸಾಮಾನ್ಯ ಸಾಂದ್ರತೆಯ ಕಡೆಗೆ ಇಳಿಯುತ್ತದೆ. ಆದ್ದರಿಂದ ಎರಡು ಊರುಗಳ ತುಂಡುಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು. ನಮ್ಮ ಅದೃಷ್ಟಕ್ಕೆ ಬಿಬಿಎಂಪಿಯ 198 ವಾರ್ಡುಗಳ ಸರಾಸರಿ ವಿಸ್ತೀರ್ಣ 3.6 ಚದರ ಕಿಲೋಮೀಟರ್, ಹುಬ್ಬಳ್ಳಿ-ಧಾರವಾಡದ್ದು ಸುಮಾರು 3. ಹತ್ತಿರ ಹತ್ತಿರ.

ಆದರೆ ಸರಾಸರಿ ಹತ್ತಿರವಿದ್ದರೆ ಸಾಲದು. ವಾರ್ಡುಗಳನ್ನು ಎಳೆಯುವುದು ಚುನಾವಣೆಗಾಗಿ, ಜನಸಂಖ್ಯೆ ಆದಷ್ಟು ಸಮ ಇರಲಿ ಎಂದು. ಹೀಗಾಗಿ ಪೇಟೆಯೊಳಗೆ ವಾರ್ಡು ಪುಟ್ಟದು, ಅಂಚಿನಲ್ಲಿ ವಿಶಾಲ. ಅಂಚಿನ ವಾರ್ಡಿನಲ್ಲಿ ಒಂದು ಮೂಲೆಗೆ ಒತ್ತಾಗಿ ಮನೆಗಳಿದ್ದು ಉಳಿದದ್ದು ಬಯಲಾಗಿದ್ದರೆ, ಆ ಮನೆಯವರ ನಿಜವಾದ ದಟ್ಟಣೆ ಲೆಕ್ಕದಲ್ಲಿ ಕಾಣುವುದಿಲ್ಲ. ಇದಕ್ಕೆ ಪರಿಹಾರವಾಗಿ ಇಡೀ ನೆಲವನ್ನು 1 ಕಿಲೋಮೀಟರ್ ಚೌಕಗಳಾಗಿ ಕತ್ತರಿಸಿ ನೋಡುವ ಪದ್ಧತಿ ಇದೆ. 2020ರಲ್ಲಿ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ ಒಪ್ಪಿದ ವಿಧಾನದಲ್ಲಿ, ಚದರ ಕಿಲೋಮೀಟರಿಗೆ ಕನಿಷ್ಠ 1,500 ಜನರಿರುವ ಚೌಕಗಳು ಒಂದಕ್ಕೊಂದು ತಗುಲಿಕೊಂಡಿದ್ದು, ಒಟ್ಟು 50,000 ಜನರಾದರೂ ಇದ್ದರೆ ಅದು ಒಂದು ನಗರ. ಪಾಲಿಕೆ ಗಡಿ ಎಲ್ಲಿದೆ ಎಂದು ಅದು ಕೇಳುವುದೇ ಇಲ್ಲ. ಬೇರೆ ಬೇರೆ ದೇಶಗಳ ಊರುಗಳನ್ನು ಹೋಲಿಸಲು ಇದು ಒಳ್ಳೆಯ ದಾರಿ. ನಮ್ಮಲ್ಲಿ ಮಾತ್ರ ಆ ಚೌಕಗಳಿಗೆ ಜನರನ್ನು ಹಂಚುವುದು ಉಪಗ್ರಹ ಚಿತ್ರದಲ್ಲಿ ಕಾಣುವ ಕಟ್ಟಡಗಳ ಆಧಾರದ ಮೇಲೆ ಮಾಡುವ ಅಂದಾಜು. ಗೋದಾಮನ್ನೂ ಮನೆಯನ್ನೂ ಅದು ಎಷ್ಟೋ ಸಲ ಒಂದೇ ಎಂದು ಎಣಿಸುತ್ತದೆ. ಹುಬ್ಬಳ್ಳಿಯಂಥ ವ್ಯಾಪಾರದ ಊರಿನಲ್ಲಿ ಅದು ಸಣ್ಣ ತಪ್ಪಲ್ಲ. ನಾವು ವಾರ್ಡಿನಲ್ಲೇ ನಿಂತೆವು, ಮಿತಿಯನ್ನು ಮನವಿಯಲ್ಲೇ ಬರೆದೆವು.

ಕೊನೆಗೆ ಕಳಿಸಿದ್ದು

'ಬೆಂಗಳೂರಿಗಿಂತ ದಟ್ಟ' ಎಂಬ ಸಾಲು ಹೋಯಿತು. ಹಿರಿಯರಿಗೆ ಅದನ್ನು ಬಿಡುವುದು ಸುಲಭವಾಗಿರಲಿಲ್ಲ. ಆ ಒಂದು ಸಾಲಿನಿಂದಲೇ ಮನವಿ ಓದಿಸಿಕೊಳ್ಳುತ್ತಿತ್ತು ಎಂಬುದು ಅವರ ನಂಬಿಕೆ. ಆದರೆ ಎದುರಿಗೆ ಕೂತ ಅಧಿಕಾರಿ ನಮ್ಮ ಹಾಗೆಯೇ ಒಮ್ಮೆ ಗುಣಿಸಿ ನೋಡಿದರೆ ಉಳಿದ ಪುಟಗಳನ್ನೂ ನಂಬುವುದಿಲ್ಲ ಎಂದಾಗ ಒಪ್ಪಿದರು.

ಅದರ ಜಾಗಕ್ಕೆ ಪಾಲಿಕೆಗೆ ಪಾಲಿಕೆಯ ಸರಳ ಹೋಲಿಕೆ ಬಂತು: ಸುಮಾರು 12 ಸಾವಿರಕ್ಕೆ ಎದುರಾಗಿ 4,700. ಬೆಂಗಳೂರೇ ದಟ್ಟ ಎಂದು ಮೊದಲ ಪ್ಯಾರಾದಲ್ಲೇ ಒಪ್ಪಿಕೊಂಡೆವು. ಆಮೇಲೆ ನಮ್ಮ ಊರಿನ ಸರಾಸರಿ ಯಾಕೆ ಇಷ್ಟು ಕಡಿಮೆ ಕಾಣುತ್ತದೆ ಎಂದು ನಡುವಿನ ಬಯಲನ್ನು ನಕ್ಷೆಯಲ್ಲಿ ತೋರಿಸಿ, ವಾರ್ಡುವಾರು ಸಾಂದ್ರತೆಯ ಮೇಲೆ ಬಸ್ಸು ಬೇಕಾದ ಓಣಿಗಳನ್ನು ಪಟ್ಟಿ ಮಾಡಿದೆವು. ವಾದ ಬೆಂಗಳೂರಿನಿಂದ ಕಳಚಿ ಹಳೇ ಹುಬ್ಬಳ್ಳಿಗೆ ಬಂದು ನಿಂತಿತು. ಅದು ಮೊದಲಿಂದ ಇರಬೇಕಾದದ್ದೇ ಅಲ್ಲಿ. ಮನವಿ ಒಪ್ಪಿಸಿದಾಗ ಕೇಳಿದ ಪ್ರಶ್ನೆಗಳೆಲ್ಲ ಯಾವ ಓಣಿ, ಯಾವ ಹೊತ್ತು ಎಂಬುದರ ಬಗ್ಗೆಯೇ ಇದ್ದವು. ಬೆಂಗಳೂರಿನ ಅಂಕಿಯನ್ನು ಯಾರೂ ಕೇಳಲಿಲ್ಲ.

ಹುಡುಗಿ ತನ್ನ ಪಟ್ಟಿಗೆ ಆಗ ಸೇರಿಸಿದ ಒಂದು ಕಾಲಮ್ಮನ್ನು ಈಗಲೂ ಬಿಟ್ಟಿಲ್ಲ. ಜನಸಂಖ್ಯೆಗೂ ವಿಸ್ತೀರ್ಣಕ್ಕೂ ಪ್ರತ್ಯೇಕವಾಗಿ 'ಗಡಿ ಯಾವುದು, ಯಾವ ಇಸವಿಯದು' ಎಂದು ಬರೆಯುತ್ತಾಳೆ. ಎರಡೂ ಕಡೆ ಒಂದೇ ಉತ್ತರ ಇಲ್ಲದ ಸಾಲಿಗೆ ಭಾಗಾಕಾರ ಮಾಡುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರು ಐದು ಪಾಲಿಕೆಗಳಾಗಿದೆ. ಹುಬ್ಬಳ್ಳಿ-ಧಾರವಾಡದ ವಾರ್ಡುಗಳೂ 67ರಿಂದ 82 ಆಗಿವೆ. 2027ರ ಜನಗಣತಿಯ ಅಂಕಿ ಬಂದಾಗ ಐದು ಪಾಲಿಕೆಗಳಿಗೆ ಐದು ಸಾಂದ್ರತೆ ಬರುತ್ತವೆ, ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಬೆಂಗಳೂರಿನದು ಎಂದು ಯಾರಾದರೂ ಹಾಕಿಯೇ ಹಾಕುತ್ತಾರೆ. ಅವಳು 2011ರ ಎರಡೂ ಊರುಗಳ ವಾರ್ಡ್ ನಕ್ಷೆಗಳನ್ನು ಇಸವಿ ಬರೆದು ಜೋಪಾನ ಮಾಡಿಟ್ಟಿದ್ದಾಳೆ, ಹೊಸ ಜನಸಂಖ್ಯೆಯನ್ನು ಹಳೆಯ ಗೆರೆಗಳೊಳಗೆ ಕೂರಿಸಿ ನೋಡಲು.